ಹಳೇ ಸೀರೆಯ ಕೌದಿ: ಮೊದಲು ಗಾಢ–ತಿಳಿ, ಆಮೇಲೆ ಬಣ್ಣ

ಪ್ರಶ್ನೆ: ಅಮ್ಮನ ಹಳೇ ಸೀರೆಗಳಲ್ಲಿ ಕೌದಿ ಹೊಲಿಯೋಣ ಅಂತಿದ್ದೀನಿ. ಒಂದು ಇಳಕಲ್, ಉಳಿದವು ಪ್ರಿಂಟೆಡ್ ಕಾಟನ್. ಪಕ್ಕ ಪಕ್ಕ ಇಟ್ಟರೆ ಬರೀ ಚಿಂದಿ ರಾಶಿ ಥರ ಕಾಣುತ್ತೆ. ಬೇಕಂತಲೇ ಜೋಡಿಸಿದ ಹಾಗೆ ಕಾಣಬೇಕಂದ್ರೆ ಬಣ್ಣ, ಪ್ರಿಂಟು ಹೇಗೆ ಹೊಂದಿಸಬೇಕು?

ನಿಮ್ಮ ಹತ್ತಿರ ಇಳಕಲ್ ಇದೆ ಅಂದಮೇಲೆ ಅರ್ಧ ಕೆಲಸ ಆದ ಹಾಗೆಯೇ. ಆದರೆ ಅದಕ್ಕೆ ಇನ್ನೂ ಕತ್ತರಿ ಹಾಕಬೇಡಿ.

ಕೆಂಪಿಗೆ ಹಸಿರು ಒಪ್ಪುತ್ತದೋ, ಹಳದಿಗೆ ನೀಲಿ ಒಪ್ಪುತ್ತದೋ ಎಂಬ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ದೂರದಿಂದ ನೋಡುವಾಗ ಕಣ್ಣು ಮೊದಲು ಹಿಡಿಯುವುದು ಯಾವುದು ಗಾಢ, ಯಾವುದು ತಿಳಿ ಅನ್ನುವುದನ್ನು. ಎಲ್ಲ ಸೀರೆಗಳನ್ನೂ ಮಡಿಚಿ ಸಾಲಾಗಿ ಇಟ್ಟು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಬೇರೆ ಬೇರೆ ಅಂದುಕೊಂಡಿದ್ದ ಮರೂನು ಮತ್ತು ಕಡುಹಸಿರು ಎರಡೂ ಒಂದೇ ಬೂದಿಬಣ್ಣಕ್ಕೆ ಬಂದಿರುತ್ತವೆ. ಅವನ್ನು ಅಕ್ಕಪಕ್ಕ ಹೊಲಿದರೆ ನಡುವಿನ ಗೆರೆ ಕಾಣುವುದೇ ಇಲ್ಲ, ವಿನ್ಯಾಸವೂ ಕಾಣುವುದಿಲ್ಲ. ನಮ್ಮ ಚಿಕ್ಕವ್ವ ಮೊಬೈಲ್ ಇಲ್ಲದ ಕಾಲದಲ್ಲಿ ಇದನ್ನೇ ‘ಕಣ್ಣು ಸಣ್ಣ ಮಾಡಿ ನೋಡ’ ಅಂತಿದ್ದಳು. ಗಾಢ, ನಡುವಿನದು, ತಿಳಿ ಅಂತ ಮೂರು ಗುಡ್ಡೆ ಮಾಡಿ. ತಿಳಿ ಗುಡ್ಡೆ ಸಣ್ಣದಾದರೆ (ಸೀರೆಗಳಲ್ಲಿ ಹೆಚ್ಚಾಗಿ ಹಾಗೇ ಆಗುತ್ತದೆ) ಮನೆಯ ಹಳೇ ಧೋತರ ಹುಡುಕಿ. ಇನ್ನೊಂದು ದಾರಿ, ಪ್ರಿಂಟೆಡ್ ಸೀರೆಯನ್ನು ತಿರುವಿ ಹಾಕುವುದು. ಹಿಂಬದಿಯಲ್ಲಿ ಅದೇ ಹೂವು, ಅದೇ ಬಣ್ಣ, ಆದರೆ ಮಂಕಾಗಿ ಇರುತ್ತದೆ. ಒಂದೇ ಸೀರೆಯಿಂದ ಎರಡು ಛಾಯೆ ಸಿಕ್ಕಂತಾಯಿತು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮಲ್ಲಿ ಗಾಢ ನೀಲಿ ಮೈಯ, ಕೆಂಪು ಅಂಚಿನ ಇಳಕಲ್ ಇದೆ, ಬಿಳಿ ನೆಲದ ಮೇಲೆ ಸಣ್ಣ ಹೂವಿನದೊಂದು, ಸಣ್ಣ ಬುಟ್ಟಾದ ಹಸಿರು ಒಂದು, ದೊಡ್ಡ ದೊಡ್ಡ ಹೂವಿನ ಕಿತ್ತಳೆ ಒಂದು ಇವೆ ಅಂತ ಇಟ್ಟುಕೊಳ್ಳುತ್ತೇನೆ. ಹೊಲಿದ ಮೇಲೆ 6 ಇಂಚು ಉಳಿಯುವ ಚೌಕ ಮಾಡೋಣ. ಹಳೇ ಬಟ್ಟೆಯ ಎಳೆ ಬೇಗ ಬಿಡುತ್ತದೆ, ಹಾಗಾಗಿ ಸುತ್ತ ಅರ್ಧ ಇಂಚು ಬಿಟ್ಟು 7 ಇಂಚಿಗೆ ಕತ್ತರಿಸಬೇಕು. ಅಗಲಕ್ಕೆ 8, ಉದ್ದಕ್ಕೆ 12 ಚೌಕ. ಇದನ್ನು ಸಾಲು ಸಾಲಾಗಿ ನೋಡದೆ ಒಂದರೊಳಗೊಂದು ಸುತ್ತುಗಳಾಗಿ ನೋಡಿ: ಹೊರಸುತ್ತಿಗೆ 36 ಚೌಕ, ಎರಡನೆಯದಕ್ಕೆ 28, ಮೂರನೆಯದಕ್ಕೆ 20, ನಟ್ಟನಡುವೆ 12.

ಹೊರಸುತ್ತು ಇಳಕಲ್ ನೀಲಿ, ಅದರೊಳಗೆ ಬಿಳಿ, ಅದರೊಳಗೆ ಹಸಿರು. ನಡುವಿನ 12 ಚೌಕದ ಜಾಗಕ್ಕೆ ಕಿತ್ತಳೆ, ಆದರೆ ಅದನ್ನು ಚೌಕ ಮಾಡಬೇಡಿ. ಅಂಗೈಗಿಂತ ದೊಡ್ಡ ಹೂವನ್ನು 6 ಇಂಚಿಗೆ ಕತ್ತರಿಸಿದರೆ ಒಂದರಲ್ಲಿ ಅರ್ಧ ಎಸಳು, ಇನ್ನೊಂದರಲ್ಲಿ ಬರೀ ದೇಟು ಉಳಿಯುತ್ತದೆ. ಚಿಂದಿಯ ಹಾಗೆ ಕಾಣುವುದು ಬಹುತೇಕ ಇದರಿಂದಲೇ. 13 ಇಂಚು ಅಗಲ, 37 ಇಂಚು ಉದ್ದದ ಒಂದೇ ತುಂಡಾಗಿ, ಹೂವು ಇಡಿಯಾಗಿ ಕಾಣುವಂತೆ ಕತ್ತರಿಸಿ ಕೂರಿಸಿ. ಸಣ್ಣ ಬುಟ್ಟಾಕ್ಕೆ ಈ ತೊಂದರೆ ಇಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದು ಸಾದಾ ಬಟ್ಟೆಯಂತೆಯೇ ಕಾಣುತ್ತದೆ. ಅದಕ್ಕೇ ಅದು ದೊಡ್ಡ ಹೂವಿನ ಪಕ್ಕಕ್ಕೆ ಸರಿಹೋಗುತ್ತದೆ. ಎರಡು ದೊಡ್ಡ ಪ್ರಿಂಟುಗಳನ್ನು ಮಾತ್ರ ಒಂದಕ್ಕೊಂದು ತಾಗಿಸಬೇಡಿ.

ಇಷ್ಟಾದರೂ ಕಿತ್ತಳೆ ನಡುವೆ ಒಂಟಿಯಾಗಿ ಕೂತಿರುತ್ತದೆ. ಹಸಿರು ಸುತ್ತಿನ ನಾಲ್ಕು ಮೂಲೆಗೆ ಅದೇ ಕಿತ್ತಳೆಯ ನಾಲ್ಕು ಚೌಕ ಹಾಕಿ, ಹಸಿರು 16 ಸಾಕು. ಈ ನಾಲ್ಕಕ್ಕೆ ಹೂವಿನ ನಡುಭಾಗವನ್ನೇ ಆರಿಸಿ.

ಇನ್ನು ನಿಜವಾದ ತಲೆನೋವು ಬಟ್ಟೆ ಸಾಲದೇ ಹೋಗುವುದು. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎಳೆ ಸವೆದು ಜಾಳಾದ ಜಾಗಗಳು ಗೊತ್ತಾಗುತ್ತವೆ, ಅವನ್ನು ಬಿಡಬೇಕು. ಹಾಗೆ ಬಿಟ್ಟಮೇಲೆ ನೀಲಿಯಲ್ಲಿ 36ರ ಬದಲು 28 ಚೌಕ ಮಾತ್ರ ಬಂತು ಅನ್ನಿ. ಕೊರತೆ ಬಿದ್ದ ಎಂಟನ್ನು ಕೊನೆಯಲ್ಲಿ ಒಂದು ಕಡೆ ತುಂಬಿದರೆ ತೇಪೆಯಂತೆ ಕಾಣುತ್ತದೆ. ಅದರ ಬದಲು ಇಳಕಲ್ಲಿನ ಕೆಂಪು ಸೆರಗಿನಿಂದ ಎಂಟು ಚೌಕ ತೆಗೆದು, ನಾಲ್ಕನ್ನು ಮೂಲೆಗೆ, ಉಳಿದ ನಾಲ್ಕನ್ನು ಎರಡೂ ಉದ್ದ ಬದಿಗಳ ನಟ್ಟನಡುವೆ ಎರಡೆರಡರಂತೆ ಇಡಿ. ಈಗ ಅದು ಕೊರತೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಎಡಕ್ಕೆ ಏನಾಯಿತೋ ಬಲಕ್ಕೂ ಅದೇ ಆಗಬೇಕು, ಮೇಲೆ ಆದದ್ದು ಕೆಳಗೂ ಆಗಬೇಕು, ಅಷ್ಟೇ. ಸೆರಗಿನ ಕೆಂಪೂ ನೀಲಿಯಷ್ಟೇ ಗಾಢವಾದ್ದರಿಂದ ಸುತ್ತು ಮುರಿಯುವುದಿಲ್ಲ. ಬಿಳಿ ಸಾಲದಿದ್ದರೂ ಧೋತರದ ತುಂಡುಗಳನ್ನು ಇದೇ ರೀತಿ ಹಂಚಿ.

ಇಷ್ಟೆಲ್ಲದರ ಸುತ್ತ ಇಳಕಲ್ಲಿನ ಕೆಂಪು ಅಂಚು. ಹೊಲಿದ ಮೇಲೆ 3 ಇಂಚು ಉಳಿದರೆ ಕೌದಿ 54 ಇಂಚು ಅಗಲ, 78 ಇಂಚು ಉದ್ದ ಆಗುತ್ತದೆ, ಸುತ್ತಳತೆ 22 ಅಡಿ. ಐದೂವರೆ ಮೀಟರ್ ಸೀರೆಯ ಒಂದು ಅಂಚು ಸುಮಾರು 18 ಅಡಿ. ಸೊಂಟಕ್ಕೆ ಸಿಕ್ಕಿಸುವ ಮೇಲಂಚು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಪೂರ್ತಿ ತೆಗೆಯಿರಿ. ಕೆಳಗಿನದು ಹಿಮ್ಮಡಿಗೆ ತಾಗಿ ಹರಿದಿರುತ್ತದೆ, ಅದರಲ್ಲಿ ಚೆನ್ನಾಗಿರುವ ನಾಲ್ಕೈದು ಅಡಿ ಸಾಕು. ಇದಕ್ಕೇ ನಾನು ಮೊದಲೇ ಕತ್ತರಿ ಬೇಡ ಅಂದದ್ದು, ಚೌಕದ ಭರದಲ್ಲಿ ಅಂಚನ್ನು ಅಡ್ಡ ಕತ್ತರಿಸಿಬಿಟ್ಟರೆ ಆಮೇಲೆ ಜೋಡಿಸುವುದು ಕಷ್ಟ. ಜರಿ ಅಂಚಾದರೆ ಹೊದ್ದಾಗ ಕುತ್ತಿಗೆಗೆ ಚುಚ್ಚುತ್ತದೆ, ಅದನ್ನು ಹಾಕಬೇಡಿ.

ಕೆಂಪಿನ ಬಗ್ಗೆ ಒಂದು ಎಚ್ಚರಿಕೆ. ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಣ್ಣ ಅಂಟಿದರೆ, ಇಷ್ಟು ವರ್ಷವಾದರೂ ಅದು ಬಣ್ಣ ಬಿಡುತ್ತಿದೆ ಎಂದರ್ಥ. ಬಿಳಿ ಸುತ್ತು ಇಟ್ಟುಕೊಂಡು ಅಂಥ ಕೆಂಪನ್ನು ಬಳಸಬಾರದು, ಮೊದಲ ಒಗೆತಕ್ಕೇ ಎಲ್ಲ ಗುಲಾಬಿ ಆಗುತ್ತದೆ.

ಚೌಕಗಳನ್ನೆಲ್ಲ ನೆಲದ ಮೇಲೆ ಹರಡಿ, ಕುರ್ಚಿ ಹತ್ತಿ ನಿಂತು ಮತ್ತೊಂದು ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಸುತ್ತುಗಳು ಅದರಲ್ಲೂ ಬೇರೆ ಬೇರೆಯಾಗಿ ಕಂಡರೆ ಸರಿಯಾಗಿದೆ. ಯಾವುದಾದರೂ ಒಂದು ಚೌಕ ಎದ್ದು ಕಂಡರೆ ಅದನ್ನು ತಿರುವಿ ಹಾಕಿ ನೋಡಿ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕವಂದಿ ಎಂಬ ತಮ್ಮ ಕೌದಿ ಹೊಲಿಯುವಾಗ ಇಷ್ಟು ಲೆಕ್ಕ ಇಡುವುದಿಲ್ಲ. ಒಂದು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತುತ್ತಾ, ತುಂಡು ಸೇರಿಸುತ್ತಾ ನಡುವಿಗೆ ಬರುತ್ತಾರೆ. ತುಂಡುಗಳು ಒಂದೇ ಅಳತೆಯಲ್ಲಿ ಇರುವುದೇ ಇಲ್ಲ. ಆದರೂ ಅದು ಒಂದೇ ಬಟ್ಟೆಯಂತೆ ಕಾಣುತ್ತದೆ, ಯಾಕೆಂದರೆ ಎಲ್ಲ ಬಣ್ಣಗಳ ಮೇಲೂ ಒಂದೇ ಸಮ ಓಡುಹೊಲಿಗೆ ಹಾದುಹೋಗಿರುತ್ತದೆ, ನಾಲ್ಕು ಮೂಲೆಯಲ್ಲೂ ಮಡಿಚಿದ ಬಟ್ಟೆಯ ‘ಫೂಲ’ ಇರುತ್ತದೆ. ಅದರಿಂದ ನೀವು ಎತ್ತಿಕೊಳ್ಳಬೇಕಾದದ್ದು ಆ ಹೊಲಿಗೆಯನ್ನು. ಪ್ರತಿ ಚೌಕಕ್ಕೂ ಹೊಂದುವ ದಾರ ಹುಡುಕುತ್ತಾ ಕೂರಬೇಡಿ. ಇಡೀ ಕೌದಿಗೆ ಒಂದೇ ಬಣ್ಣದ ದಪ್ಪ ದಾರ ತಗೊಳ್ಳಿ, ಬಿಳಿಯಾದರೆ ನೀಲಿ, ಕೆಂಪಿನ ಮೇಲೂ ಚೆನ್ನಾಗಿ ಕಾಣುತ್ತದೆ. ಚೌಕದ ಗೆರೆಗಳನ್ನು ಲೆಕ್ಕಿಸದೆ, ಅಂಚಿನಿಂದ ಒಳಕ್ಕೆ ಸುತ್ತುತ್ತಾ, ಎರಡು ಸಾಲಿನ ನಡುವೆ ಒಂದು ಬೆರಳಿನ ಅಂತರ ಬಿಟ್ಟು ಹೊಲಿಯಿರಿ.