ಗಿಡ್ಡ ತಾಯಿ, ಸಣ್ಣ ಮಗು: ವಂಶದ ಗುಣವಷ್ಟೇ ಅಲ್ಲ

"ಹೆಂಡತಿ 143 ಸೆಂ.ಮೀ. ಎತ್ತರ, ಆರು ತಿಂಗಳ ಬಸುರಿ. ಅವಳೂ ಹುಟ್ಟುವಾಗ ಸಣ್ಣಗಿದ್ದಳಂತೆ. ಮಗುವೂ ಹಾಗೇ ಆಗುತ್ತಾ?" ಎಂದು ಒಬ್ಬರು ಕೇಳಿದ್ದಾರೆ.

ಈ ಗಿಡ್ಡತನ ಬಹುಶಃ ನಿಮ್ಮ ಹೆಂಡತಿಯ ಮೊದಲ ಎರಡು ವರ್ಷದ ಅರೆಹೊಟ್ಟೆ, ಕಾಯಿಲೆಗಳ ಗುರುತು. ಆಗ ಬೆಳವಣಿಗೆ ನಿಂತರೆ ಗರ್ಭಕೋಶ, ಸೊಂಟದ ಮೂಳೆಯೂ ಚಿಕ್ಕದಾಗಿ ಉಳಿಯಬಹುದು. ಮಗುವಿಗೆ ಜಾಗ, ಪೋಷಣೆ ಎರಡೂ ಕಡಿಮೆಯಾಗಬಹುದು. ಆದರೆ ಎತ್ತರ ನೋಡಿ ಮಗುವಿನ ತೂಕ ಹೇಳೋಕಾಗಲ್ಲ.

ಮೊದಲು ತಾಯಿ ಕಾರ್ಡಿನಲ್ಲಿ ಎತ್ತರ ಬರೆಸಿ. 145ಕ್ಕಿಂತ ಕಡಿಮೆ ಇದ್ದರೆ ಜಾಸ್ತಿ ನಿಗಾ ಬೇಕು. ಪ್ರತಿ ತಪಾಸಣೆಯಲ್ಲೂ ಹೊಟ್ಟೆಯನ್ನು, ಕೆಳಗಿನ ಮೂಳೆಯಿಂದ ಗರ್ಭಕೋಶದ ಮೇಲ್ತುದಿವರೆಗೆ, ಟೇಪಿನಿಂದ ಅಳೆಸಿ. ಎಷ್ಟು ವಾರ ತುಂಬಿದೆಯೋ, ಅಳತೆ ಹೆಚ್ಚುಕಮ್ಮಿ ಅಷ್ಟೇ ಸೆಂ.ಮೀ. ಇರಬೇಕು. ನನ್ನ ತಂಗಿಗೆ 30 ವಾರಕ್ಕೆ 26 ಬಂತು, ಸ್ಕ್ಯಾನಿನಲ್ಲಿ ಮಗು ಸಣ್ಣದೇ ಇತ್ತು. ಮೂರು ಸೆಂ.ಮೀ. ಕಡಿಮೆ ಬಂದರೂ ಸ್ಕ್ಯಾನ್ ಕೇಳಿ. ಕಬ್ಬಿಣದ ಮಾತ್ರೆ ದಿನಕ್ಕೊಂದು, ಟೀ ಜೊತೆ ಬೇಡ. ಹೆರಿಗೆಗೆ ಸಿಸೇರಿಯನ್ ಆಗುವ ಆಸ್ಪತ್ರೆಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ.