ಬಾಂಡ್ ಪೇಪರ್ ಮೇಲೆ ಅಪ್ಪ ಬದಲಾಗುವುದಿಲ್ಲ

"ನಾನು ಚಿಂತಾಮಣಿಯವಳು. ಮೊದಲ ಮದುವೆ ಮುರಿದು, ಈಗ ಮತ್ತೆ ಮದುವೆಯಾಗಿದ್ದೇನೆ. ಮಗಳಿಗೆ 9 ವರ್ಷ. ಈಗಿನ ಯಜಮಾನರು ಅವಳನ್ನು ದತ್ತು ತಗೋತೀನಿ ಅಂತಿದ್ದಾರೆ, ಅವಳ ಅಪ್ಪ ಸಹಿ ಹಾಕಲ್ಲ ಅಂತಾರೆ. ಮಗಳು ತನ್ನ ಹತ್ರ ಇರಬೇಕು ಅಂತ ಅವರು ಹಾಕಿರೋ ಕೇಸ್ ಕೋರ್ಟಿನಲ್ಲಿದೆ, ಅದು ಬೇರೆ ವಿಷಯ. ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದ್ರೆ ಸಾಕು ಅಂತಾನೆ ಅಣ್ಣ. ಇಲ್ಲಾಂದ್ರೆ ಮಗಳ ಜೀವನಾಂಶದ ಬಾಕಿ ಬಿಟ್ಟುಕೊಟ್ಟು ಸಹಿ ತಗೋ ಅಂತಾನೆ. ಏನು ಮಾಡಲಿ?"

ಅದು ಬೇರೆ ವಿಷಯ ಅಲ್ಲಮ್ಮಾ, ಅದೇ ವಿಷಯ. ಮಗು ಯಾರ ಹತ್ತಿರ ಇರಬೇಕು ಅನ್ನುವ ಕೇಸ್ ನಡೆಯುತ್ತಿದ್ದರೆ, ಅದು ತೀರ್ಮಾನವಾಗುವ ತನಕ ದತ್ತಕದ ಪ್ರಕ್ರಿಯೆ ಶುರುವೇ ಆಗುವುದಿಲ್ಲ. ದತ್ತು ನಿಯಮಗಳಲ್ಲೇ ಹಾಗಿದೆ. ನಾಳೆ ಬೆಳಿಗ್ಗೆ ಅವರು ಬಂದು ಸಹಿ ಹಾಕಿದರೂ ನೀವು ಇರುವಲ್ಲೇ ಇರುತ್ತೀರಿ.

ನಿಮ್ಮ ಅಣ್ಣನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ನೋಟರಿ ಮುದ್ರೆ ಬಿದ್ದ ಕಾಗದದಿಂದ ಅಪ್ಪ ಬದಲಾಗುವ ಹಾಗಿದ್ದರೆ ಕಾನೂನು ಯಾಕೆ ಬೇಕಿತ್ತು? ಮಲತಂದೆ ದತ್ತು ಪಡೆಯಬೇಕಾದರೆ ನೀವಿಬ್ಬರೂ ದತ್ತುಗೆಂದೇ ಇರುವ ಸರ್ಕಾರದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಹೆತ್ತವರ ಒಪ್ಪಿಗೆ ನಿಗದಿತ ನಮೂನೆಯಲ್ಲಿ ಬೇಕು, ಮಕ್ಕಳ ರಕ್ಷಣಾ ಘಟಕದವರು ಕಾಗದ ನೋಡುತ್ತಾರೆ. ಕೊನೆಯ ಆದೇಶ 2022ರ ಸೆಪ್ಟೆಂಬರ್‌ನಿಂದ ಕೋರ್ಟಿನದ್ದಲ್ಲ, ಜಿಲ್ಲಾಧಿಕಾರಿಯದ್ದು. ವಿಚ್ಛೇದನವಾಯಿತು ಅಂತ ಹೆತ್ತ ಅಪ್ಪನ ಒಪ್ಪಿಗೆ ಬೇಡವಾಗುವುದಿಲ್ಲ. ಹೆಂಡತಿಯ ಜೊತೆಗಿನ ಸಂಬಂಧ ಮುಗಿದಿದೆ, ಮಗಳ ಜೊತೆಗಿನದು ಮುಗಿದಿಲ್ಲ ಅಲ್ವಾ? ಇನ್ನೊಬ್ಬರ ಒಪ್ಪಿಗೆಯೂ ಬೇಕು, ಅದನ್ನು ಯಾರೂ ಕೇಳಿದ ಹಾಗಿಲ್ಲ. ಅದು ನಿಮ್ಮ ಮಗಳದ್ದು, ಐದು ವರ್ಷ ದಾಟಿದ ಮಗು ಅವಳು.

ಇನ್ನು ಬಾಕಿ ಬಿಟ್ಟುಕೊಡುವ ಮಾತು. ಆ ದುಡ್ಡು ಮಗಳ ಊಟಕ್ಕೆ, ಫೀಸಿಗೆ ಅಂತ ಇರುವುದು, ನಿಮ್ಮದಲ್ಲ, ಅಣ್ಣನದಂತೂ ಮೊದಲೇ ಅಲ್ಲ. ದತ್ತಕಕ್ಕೆ ಪ್ರತಿಫಲ ಕೊಡುವುದನ್ನೂ ಪಡೆಯುವುದನ್ನೂ 1956ರ ಹಿಂದೂ ದತ್ತಕ ಕಾಯ್ದೆಯೇ ನಿಷೇಧಿಸಿದೆ. ಇಂಥ ವ್ಯವಹಾರ ಆಮೇಲೆ ಹೊರಗೆ ಬಂದರೆ ಸಹಿಯ ಮೇಲೇ ಅನುಮಾನ ಬರುತ್ತದೆ.

ಅವಳ ಅಪ್ಪನನ್ನು ನಾನು ಹೊಗಳುತ್ತಿಲ್ಲ, ಜೀವನಾಂಶ ಕೊಡದವನಿಗೆ ನನ್ನಲ್ಲಿ ಕನಿಕರ ಕಡಿಮೆ. ಆದರೆ ದತ್ತಕವಾದರೆ ಆ ಮನೆಯ ಜೊತೆಗಿನ ಕಾನೂನು ಸಂಬಂಧವೇ ಕಡಿದುಹೋಗುತ್ತದೆ, ಮುಂದಿನ ಜೀವನಾಂಶವೂ ನಿಲ್ಲುತ್ತದೆ, ಆ ಅಪ್ಪನ ಆಸ್ತಿಯಲ್ಲಿ ಮುಂದೆ ಪಾಲು ಕೇಳುವ ದಾರಿಯೂ ಮುಚ್ಚುತ್ತದೆ. ಆಗಲೇ ಅವಳ ಹೆಸರಿಗೆ ಬಂದಿರುವುದು ಮಾತ್ರ ಉಳಿಯುತ್ತದೆ. ಆ ಕಡೆ ತೋಟ, ಜಮೀನು ಇದ್ದರೆ ವಕೀಲರ ಹತ್ತಿರ ಇದನ್ನು ಮೊದಲು ಕೇಳಿ.

ನಿಮ್ಮ ಯಜಮಾನರು ಒಳ್ಳೆಯವರು ಅನ್ನಿಸುತ್ತದೆ. ಆದೇಶ ಬರುವ ತನಕ ಶಾಲೆಗೆ ಬಿಡಲು, ಕರೆತರಲು, ಜ್ವರ ಬಂದರೆ ರಾತ್ರಿ ಎದ್ದು ಕೂರಲು ಅವರಿಗೆ ಯಾರ ಸಹಿಯೂ ಬೇಡ.

ನೀವು ಮಾಡಬೇಕಾದ್ದು ಒಂದೇ: ಆ ಕೇಸ್ ಮುಗಿಸಿ. ಅದು ಮುಗಿಯುವ ತನಕ ಅಣ್ಣ ತರುವ ಯಾವ ಬಾಂಡ್ ಪೇಪರ್‌ಗೂ ಸಹಿ ಹಾಕಬೇಡಿ.