ವಚನಕ್ಕೆ ಪಲ್ಲವಿ ಏಕೆ?

"ಮಾನ್ಯ ಸಂಪಾದಕರೇ, ಮನೆಗೆಲಸದವರಿಗೆ ಬೇರೆ ಲೋಟ ಇಡುವವರ ಬಗ್ಗೆ ಒಂದು ವಚನ ಬರೆದಿದ್ದೇನೆ. ಪಲ್ಲವಿ, ನಾಲ್ಕು ಚರಣ, ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತ ಇದೆ. ಸ್ತೋತ್ರ, ಭಜನೆ ಅಥವಾ ಕೀರ್ತನೆ ಎಂದು ಹೆಸರಿಸಿದರೂ ಅಡ್ಡಿಯಿಲ್ಲ. ಪ್ರಕಟಿಸುವಿರಾ?"

ಈಗಿರುವಂತೆ ಆಗದು. ಮೊದಲು ಆ ಅಂಕಿತವನ್ನು ತೆಗೆಯಿರಿ. ಅದು ಬಸವಣ್ಣನವರದು, ನಿಮ್ಮ ಸಾಲಿನ ಕೆಳಗೆ ಬಂದರೆ ನಾಳೆ ಯಾರಾದರೂ ಇದನ್ನು ಅವರ ವಚನವೆಂದೇ ಹಂಚಿಬಿಡುತ್ತಾರೆ.

ನಿಮ್ಮ ಪಲ್ಲವಿ ಮತ್ತು ಮೊದಲ ಎರಡು ಚರಣಗಳು ಗಿರಿಜಾರಮಣ, ನಾಗಭೂಷಣ, ತ್ರಿಪುರಹರ ಎಂದು ಕರೆಯುವುದರಲ್ಲೇ ಮುಗಿದಿವೆ. ಇದು ಸ್ತೋತ್ರದ ನಡೆ. ಸ್ತೋತ್ರ ಮುಖ ಮಾಡಿರುವುದು ದೇವರ ಕಡೆಗೆ; ರೂಪ, ಗುಣ, ಮಹಿಮೆಗಳನ್ನು ಛಂದಸ್ಸಿನಲ್ಲಿ ಪೋಣಿಸುತ್ತಾ ಹೋಗುತ್ತದೆ. ಲೋಟ ಇಟ್ಟ ಯಜಮಾನನನ್ನು ಪ್ರಶ್ನಿಸಲು ಅಲ್ಲಿ ಎಡೆಯಿಲ್ಲ. ಹಾಗಾಗಿಯೇ ಕೆಲಸದಾಕೆ ಮೂರನೆಯ ಚರಣದವರೆಗೆ ಹೊರಗೇ ನಿಂತಿದ್ದಾಳೆ.

ಭಜನೆಯಂತೂ ಬೇಡ. ಒಬ್ಬರು ಹೇಳಿಕೊಟ್ಟ ಸಾಲನ್ನು ಹತ್ತು ಮಂದಿ ತಾಳ ಹಾಕುತ್ತಾ ತಿರುಗಿ ಹೇಳುವಾಗ ನಾಮಕ್ಕೆ ಬಲ ಬರುತ್ತದೆ, ಚುಚ್ಚುಮಾತು ಮಾತ್ರ ಎರಡನೆಯ ಸಲಕ್ಕೇ ಮೊಂಡಾಗುತ್ತದೆ.

ಕೀರ್ತನೆಗೆ ಒಗ್ಗಬಹುದಿತ್ತು. ದಾಸರು ಡಂಭವನ್ನು ಝಾಡಿಸಿದ್ದು ಕೀರ್ತನೆಗಳಲ್ಲೇ ತಾನೆ? "ಯಾವ ಲೋಟದಲಿ ಕೊಟ್ಟೆ ನೀರು" ಎಂಬ ಪಲ್ಲವಿ ಇಟ್ಟುಕೊಳ್ಳೋಣ. ಒಂದು ಚರಣದಲ್ಲಿ ಹಬ್ಬದ ದಿನ, ಮತ್ತೊಂದರಲ್ಲಿ ಹಿತ್ತಿಲು, ಇನ್ನೊಂದರಲ್ಲಿ ಆಸ್ಪತ್ರೆಯ ಹಾಸಿಗೆ ಬಂದರೆ, ಪಲ್ಲವಿಗೆ ಮರಳಿದಾಗಲೆಲ್ಲ ಅದೇ ಪ್ರಶ್ನೆ ಬೇರೆಯಾಗಿ ಕೇಳಿಸುತ್ತದೆ. ಆಗ ಬೆಳ್ಳಿ, ಹಳ್ಳಿ, ಒಳ್ಳೆ ಎಂದು ಸಾಲುಗಳ ಎರಡನೆಯ ಅಕ್ಷರದ ಪ್ರಾಸವನ್ನೂ ನೋಡಿಕೊಳ್ಳಬೇಕು. ಆದರೆ ನಿಮ್ಮ ಬಳಿ ಇರುವುದು ಒಂದೇ ಚಿತ್ರ. ಅದು ಸಾಲದೆ ನಾಲ್ಕನೆಯ ಚರಣಕ್ಕೆ ಮಳೆ ಬೆಳೆಗಳನ್ನು ಎಳೆದು ತಂದಿದ್ದೀರಿ.

ಒಂದೇ ಚಿತ್ರವಿದ್ದರೆ ವಚನ ಸಾಕು. ಅದಕ್ಕೆ ಪಲ್ಲವಿಯಿಲ್ಲ, ಮಾತ್ರೆಯ ಲೆಕ್ಕವಿಲ್ಲ; ತಾಳಮಾನ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರಂಥವರು ವಚನಗಳನ್ನು ರಾಗದಲ್ಲಿ ಹಾಡಿದ್ದಾರೆ ನಿಜ, ಆದರೆ ಹಾಡುವಾಗ ಯಾವ ಸಾಲಿಗೆ ಮರಳಬೇಕೆಂಬುದು ಗಾಯಕರಿಗೆ ಬಿಟ್ಟದ್ದು. ಬರೆಯುವವರು ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸಿ, ಆಡುಮಾತಿನ ಲಯದಲ್ಲಿ ಒಂದು ಏಟು ಹಾಕಿದರೆ ಆಯಿತು. ನಿಮ್ಮ ಮೂರನೆಯ ಚರಣವನ್ನಷ್ಟೇ ಉಳಿಸಿಕೊಂಡು ಹೀಗೆ ತಿದ್ದಿದ್ದೇನೆ:

ದೇವರಿಗೆ ಬೆಳ್ಳಿಯ ಲೋಟ,
ಬೆವರಿದವಳಿಗೆ ನೆಗ್ಗಿದ ಲೋಟ.
ಎರಡಕ್ಕೂ ನೀರು ಒಂದೇ ಬಾವಿಯದೆಂದ ಮೇಲೆ
ಮೈಲಿಗೆ ಯಾವ ಲೋಟದ್ದು ಹೇಳಯ್ಯಾ?

ಇದರ ಕೆಳಗೆ ನೀವು ಬರೆದಿದ್ದ "ಮಾನವರೆಲ್ಲ ಒಂದೇ" ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಬಾವಿ ಅದನ್ನು ಆಗಲೇ ಹೇಳಿದೆ. ನಿಮ್ಮದೇ ಅಂಕಿತವೊಂದು ಹೊಳೆದರೆ ಸೇರಿಸಿ ಕಳಿಸಿ, ಹೊಳೆಯದಿದ್ದರೆ ಹೀಗೆಯೇ ಹಾಕುತ್ತೇವೆ.